ಷರತ್ತು ಹಾಕಿದ ಶಕುಂತಲೆ

ಕಳೆದ ವರ್ಷ ನಮ್ಮ ಅಕ್ಕನ ಮಗಳ ಮದುವೆಯ ಮಾತುಕತೆ ನಡೆಯಿತು. ಹುಡುಗ ಅವಳೇ ಮೆಚ್ಚಿದವನು. ಎರಡೂ ಮನೆಯವರು ಒಪ್ಪಿದ್ದರು. ಹಿರಿಯರೆಲ್ಲ ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಹುಡುಗಿ ಒಳಗಿನಿಂದ ಒಂದು ಹಾಳೆ ತಂದು ಹುಡುಗನ ಕೈಗೆ ಕೊಟ್ಟಳು. ಅದರಲ್ಲಿ ನಾಲ್ಕೇ ನಾಲ್ಕು ಸಾಲು ಇದ್ದವು. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ. ಅಮ್ಮನಿಗೆ ತಿಂಗಳಿಗಿಷ್ಟು ಎಂದು ಕಳಿಸುವುದು ನಿಲ್ಲುವುದಿಲ್ಲ. ಮನೆ ಕೊಂಡರೆ ಇಬ್ಬರ ಹೆಸರಿನಲ್ಲೂ ಇರಬೇಕು. ಮಕ್ಕಳು ಯಾವಾಗ ಎಂಬುದನ್ನು ಇಬ್ಬರೂ ಸೇರಿ ತೀರ್ಮಾನಿಸಬೇಕು. 'ಇದನ್ನು ಎಲ್ಲರ ಎದುರಿಗೆ ಓದಿ, ಆಗುತ್ತೆ ಅಥವಾ ಆಗಲ್ಲ ಅಂತ ಹೇಳು' ಅಂದಳು.

ಮನೆ ತಣ್ಣಗಾಯಿತು. ನಮ್ಮ ಚಿಕ್ಕಪ್ಪನವರಿಗೆ ತಡೆಯಲಾಗಲಿಲ್ಲ. 'ಏನಮ್ಮಾ ಇದು, ಪ್ರೀತೀಲೂ ಕರಾರುಪತ್ರವಾ? ಶಕುಂತಲೆ ದುಷ್ಯಂತನ್ನ ಮೆಚ್ಚಿದಾಗ ಹೀಗೆ ಚೀಟಿ ಬರೆದುಕೊಟ್ಟಿದ್ದಳಾ? ಆಗಿನ ಕಾಲದ ಪ್ರೀತಿ ಅಂದ್ರೆ ಪ್ರೀತಿ. ನಿಮ್ಮದೆಲ್ಲ ವ್ಯಾಪಾರ' ಅಂದರು. ಕೂತಿದ್ದ ಅಷ್ಟೂ ಮಂದಿ ತಲೆಯಾಡಿಸಿದರು.

ನಾನು ಅಂದು ಏನೂ ಹೇಳಲಿಲ್ಲ. ಶುಭಕಾರ್ಯದ ಮನೆಯಲ್ಲಿ ಜಗಳ ಬೇಡ ಅನ್ನಿಸಿತು. ಆದರೆ ಆ ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಯಾಕೆಂದರೆ ಚಿಕ್ಕಪ್ಪ ಹೇಳಿದ್ದು ಶುದ್ಧ ತಪ್ಪು. ಶಕುಂತಲೆ ಷರತ್ತು ಹಾಕಿದ್ದಳು. ದುಷ್ಯಂತನನ್ನು ಒಪ್ಪುವ ಮೊದಲೇ, ಬಾಯಿಬಿಟ್ಟು, ಸ್ಪಷ್ಟವಾಗಿ ಹಾಕಿದ್ದಳು. ನಮಗೆ ಅದು ಗೊತ್ತಿಲ್ಲ, ಅಷ್ಟೆ. ಗೊತ್ತಿಲ್ಲದಿರುವುದಕ್ಕೆ ಕಾರಣವೂ ಇದೆ. ನಾವು ಬಲ್ಲ ಶಕುಂತಲೆ ಕಾಳಿದಾಸನವಳು. ಮಹಾಭಾರತದ ಆದಿಪರ್ವದಲ್ಲಿ ಇರುವವಳು ಬೇರೆ.

ಆದಿಪರ್ವದ ಕತೆಯನ್ನು ಒಮ್ಮೆ ನಿಧಾನವಾಗಿ ನೋಡೋಣ. ಬೇಟೆಗೆ ಬಂದ ದುಷ್ಯಂತ ಕಣ್ವರ ಆಶ್ರಮಕ್ಕೆ ಬರುತ್ತಾನೆ. ಕಣ್ವರು ಹಣ್ಣು ತರಲು ಕಾಡಿಗೆ ಹೋಗಿದ್ದಾರೆ. ದೂರದ ತೀರ್ಥಯಾತ್ರೆಯೇನಲ್ಲ, ಸ್ವಲ್ಪ ಹೊತ್ತಿನಲ್ಲಿ ಬಂದುಬಿಡುತ್ತಾರೆ. ಒಬ್ಬಳೇ ಇದ್ದ ಶಕುಂತಲೆ ಅತಿಥಿಗೆ ಆಸನ, ನೀರು ಕೊಟ್ಟು ಮಾತನಾಡಿಸುತ್ತಾಳೆ. ನೀನು ಯಾರ ಮಗಳು ಎಂದರೆ ತನ್ನ ಹುಟ್ಟಿನ ಕತೆಯನ್ನು, ಮೇನಕೆ ಮತ್ತು ವಿಶ್ವಾಮಿತ್ರರ ಕತೆಯನ್ನು, ಅಳುಕದೆ ತಾನೇ ಹೇಳುತ್ತಾಳೆ. ಮರದ ಮರೆ ಇಲ್ಲ, ದುಂಬಿ ಇಲ್ಲ, ಅವಳ ಪರವಾಗಿ ಮಾತನಾಡಲು ಇಬ್ಬರು ಗೆಳತಿಯರೂ ಇಲ್ಲ. ರಾಜ ಅವಳ ಮಾತು ಕೇಳಿ ಮೊದಲು ಖಾತ್ರಿ ಮಾಡಿಕೊಳ್ಳುವುದು ಒಂದು ವಿಷಯ: ಇವಳು ರಾಜಪುತ್ರಿ, ತನಗೆ ಆಗಬಹುದಾದವಳು. ಆಮೇಲೆ ಮದುವೆಯ ಮಾತು ಎತ್ತುತ್ತಾನೆ. ಚಿನ್ನದ ಹಾರ, ವಸ್ತ್ರ, ಕುಂಡಲ ಕೊಡುತ್ತೇನೆ, ಇಡೀ ರಾಜ್ಯವೇ ನಿನ್ನದು ಎನ್ನುತ್ತಾನೆ.

ಶಕುಂತಲೆ ಕರಗುವುದಿಲ್ಲ. ಅಪ್ಪ ಈಗ ಬರುತ್ತಾರೆ, ಒಂದು ಮುಹೂರ್ತ ಕಾದಿರು, ಅವರೇ ನನ್ನನ್ನು ಕೊಡುತ್ತಾರೆ ಎನ್ನುತ್ತಾಳೆ. ರಾಜನಿಗೆ ಕಾಯುವ ಮನಸ್ಸಿಲ್ಲ. ಅವನು ಎಂಟು ಬಗೆಯ ವಿವಾಹಗಳನ್ನು ಎಣಿಸಿ, ಕ್ಷತ್ರಿಯನಿಗೆ ಗಾಂಧರ್ವ ವಿಧಿ ಸಲ್ಲುತ್ತದೆ, ನಿನ್ನನ್ನು ನೀನೇ ಕೊಟ್ಟುಕೊಳ್ಳಬಹುದು ಎಂದು ಶಾಸ್ತ್ರ ಹೇಳುತ್ತಾನೆ. ಆಗ ಅವಳು ಹೇಳುವ ಮಾತಿನ ಸಾರ ಇಷ್ಟು: ಇದು ಧರ್ಮವೇ ಆಗಿದ್ದರೆ, ನನ್ನನ್ನು ಕೊಟ್ಟುಕೊಳ್ಳಲು ನಾನೇ ಒಡತಿಯಾಗಿದ್ದರೆ, ನನ್ನ ಷರತ್ತು ಕೇಳು. ನನ್ನಲ್ಲಿ ಹುಟ್ಟುವ ಮಗ ನಿನ್ನ ನಂತರ ಪಟ್ಟಕ್ಕೆ ಬರಬೇಕು, ಅವನೇ ಯುವರಾಜನಾಗಬೇಕು. ಇದಕ್ಕೆ ಒಪ್ಪಿದರೆ ನಮ್ಮ ಕೂಟ ಆಗಲಿ. ರಾಜ 'ಹಾಗೇ ಆಗಲಿ' ಎನ್ನುತ್ತಾನೆ. ಅವನು ಯೋಚನೆ ಮಾಡದೆ ಹಾಗೆಂದ ಎಂದು ಕವಿ ಒಂದೇ ಪದದಲ್ಲಿ ಸೂಚಿಸುತ್ತಾನೆ. ಕತೆಯ ಇಡೀ ಕೇಡು ಆ ಒಂದು ಪದದಲ್ಲಿದೆ.

ನಮ್ಮ ಚಿಕ್ಕಪ್ಪನಂಥವರು ಇಲ್ಲಿ ಕೇಳುತ್ತಾರೆ: ಹಾಗಾದರೆ ಅವಳಿಗೆ ಪ್ರೀತಿಯೇ ಇರಲಿಲ್ಲವೆ? ಈ ಪ್ರಶ್ನೆಯಲ್ಲೇ ನಮ್ಮ ಕಾಲ ಕೂತಿದೆ. ಪ್ರೀತಿ ಎಂದರೆ ಮನಸ್ಸಿನೊಳಗಿನ ಒಂದು ಭಾವ, ಅದು ನಿಜವಾಗಿದ್ದರೆ ಬೇರೇನೂ ಬೇಡ, ಬೇರೇನನ್ನಾದರೂ ಕೇಳಿದರೆ ಭಾವದಲ್ಲೇ ಕಲಬೆರಕೆ ಇದೆ ಎಂಬುದು ನಾವು ಹೊಸದಾಗಿ ಕಲಿತ ಲೆಕ್ಕ. ವ್ಯಾಸರ ಕತೆಯಲ್ಲಿ ಭಾವದ ಬಗ್ಗೆ ಯಾರಿಗೂ ಸಂಶಯವಿಲ್ಲ. ರಾಜನಿಗೆ ಅವಳ ಮೇಲೆ ಮನಸ್ಸಾಗಿದೆ, ಅವಳೂ ಒಲ್ಲೆ ಅನ್ನುವುದಿಲ್ಲ. ಅಲ್ಲಿ ಪರೀಕ್ಷೆಗೆ ಒಳಗಾಗುವುದು ಭಾವವಲ್ಲ, ಮಾತು. ಕಾಡಿನಲ್ಲಿ ಇಬ್ಬರೇ ಇದ್ದಾಗ ಆಡಿದ್ದನ್ನು ನಾಳೆ ಸಭೆಯಲ್ಲಿ ಒಪ್ಪಿಕೊಳ್ಳುತ್ತೀಯಾ ಎಂಬುದೇ ಪ್ರಶ್ನೆ.

ಕನ್ನಡದಲ್ಲಿ 'ಒಪ್ಪಿಕೊಳ್ಳುವುದು' ಎಂಬ ಮಾತಿಗೆ ಎರಡು ಮುಖ. ಹುಡುಗ ಹುಡುಗಿಯನ್ನು ಒಪ್ಪಿಕೊಂಡ ಎನ್ನುತ್ತೇವೆ. ಕಳ್ಳ ತಪ್ಪನ್ನು ಒಪ್ಪಿಕೊಂಡ ಎಂದೂ ಎನ್ನುತ್ತೇವೆ. ಹಳೆಯ ಕತೆಗಳಲ್ಲಿ ಪ್ರೇಮವೆಂದರೆ ಈ ಎರಡೂ ಅರ್ಥದಲ್ಲಿ ಒಪ್ಪಿಕೊಳ್ಳುವುದು. ನಾವು ಮೊದಲನೆಯ ಅರ್ಥವನ್ನು ಮಾತ್ರ ಇಟ್ಟುಕೊಂಡು ಎರಡನೆಯದನ್ನು ವಕೀಲರಿಗೆ ಬಿಟ್ಟುಕೊಟ್ಟಿದ್ದೇವೆ.

ಮುಂದಿನದನ್ನು ನೋಡಿ. ಚತುರಂಗ ಸೇನೆ ಕಳಿಸಿ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ರಾಜ ಹೊರಡುತ್ತಾನೆ. ಸೇನೆ ಬರುವುದೇ ಇಲ್ಲ. ಮಗು ಹುಟ್ಟುತ್ತದೆ, ಬೆಳೆಯುತ್ತದೆ. ಆರು ವರ್ಷಕ್ಕೆ ಸಿಂಹ, ಹುಲಿ, ಕಾಡುಹಂದಿಗಳನ್ನು ಮರಕ್ಕೆ ಕಟ್ಟುವಷ್ಟು ಬಲಶಾಲಿಯಾಗಿ ಸರ್ವದಮನ ಎಂದು ಹೆಸರು ಪಡೆಯುತ್ತಾನೆ. ಕಣ್ವರು ಇನ್ನು ಅವನಿಗೆ ಯುವರಾಜ ಪಟ್ಟದ ಕಾಲ ಬಂತು ಎಂದು ತಾಯಿ ಮಗನನ್ನು ಶಿಷ್ಯರ ಜೊತೆ ಹಸ್ತಿನಾವತಿಗೆ ಕಳಿಸುತ್ತಾರೆ. ಶಕುಂತಲೆ ಸಭೆಯಲ್ಲಿ ನಿಂತು, ಇವನು ನಿನ್ನ ಮಗ, ಅಂದು ಆಡಿದ ಮಾತನ್ನು ನಡೆಸಿಕೊಡು ಎನ್ನುತ್ತಾಳೆ. ದುಷ್ಯಂತನಿಗೆ ಎಲ್ಲ ನೆನಪಿದೆ. ಶಾಪವಿಲ್ಲ, ಮರೆವಿಲ್ಲ, ಕಳೆದುಹೋದ ಉಂಗುರವಿಲ್ಲ. ನೆನಪಿದ್ದೂ, ನೆನಪಿಲ್ಲ ಎನ್ನುತ್ತಾನೆ. ದುಷ್ಟ ತಾಪಸಿ ಎಂದು ಕರೆದು, ಹೋಗು ಇಲ್ಲವೆ ಇರು, ನಿನ್ನಿಷ್ಟ ಎನ್ನುತ್ತಾನೆ.

ಅವಳು ಮೊದಲು ನಾಚಿಕೆಗೂ ದುಃಖಕ್ಕೂ ಕಂಬದಂತೆ ನಿಲ್ಲುತ್ತಾಳೆ. ಆಮೇಲೆ ಕಣ್ಣು ಕೆಂಪಾಗುತ್ತದೆ. ಅಲ್ಲಿಂದ ಅವಳು ಆಡುವ ಮಾತು ನಮ್ಮ ಸಾಹಿತ್ಯದ ದೊಡ್ಡ ವಾದಗಳಲ್ಲಿ ಒಂದು. ಅವಳು ನನ್ನನ್ನು ಪ್ರೀತಿಸಿದ್ದೆಯಲ್ಲ ಎಂದು ಅಳುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲವೆಂದು ಸಾಮಾನ್ಯನ ಹಾಗೆ ಯಾಕೆ ಸುಳ್ಳಾಡುತ್ತೀಯ ಎಂದು ಕೇಳುತ್ತಾಳೆ. ಅಲ್ಲಿ ನಾನೊಬ್ಬನೇ ಇದ್ದೆ ಅಂದುಕೊಂಡಿದ್ದೀಯ, ಆದರೆ ಎದೆಯೊಳಗೆ ಒಬ್ಬ ಇದ್ದಾನೆ, ಸೂರ್ಯ, ಚಂದ್ರ, ಗಾಳಿ, ನೀರು, ಎರಡೂ ಸಂಜೆಗಳು ನೋಡಿವೆ ಎನ್ನುತ್ತಾಳೆ. ಸಾಕ್ಷಿ ಇಲ್ಲದ ಕಡೆ ಸಾಕ್ಷಿಗಳನ್ನು ಕರೆಯುತ್ತಾಳೆ. ಸಾವಿರ ಅಶ್ವಮೇಧಕ್ಕಿಂತ ಒಂದು ಸತ್ಯ ಹೆಚ್ಚು ತೂಗುತ್ತದೆ ಎನ್ನುತ್ತಾಳೆ. ರಾಜ ಅವಳ ತಾಯಿಯನ್ನು ಹಳಿದಾಗ, ಸಾಸಿವೆಯಷ್ಟಿರುವ ಇನ್ನೊಬ್ಬರ ತಪ್ಪು ಕಾಣುತ್ತದೆ, ಬಿಲ್ವದ ಕಾಯಿಯಷ್ಟಿರುವ ನಿನ್ನ ತಪ್ಪು ಕಾಣುವುದಿಲ್ಲ ಎಂದು ತಿರುಗಿಸಿ ಹೊಡೆಯುತ್ತಾಳೆ. ಬೇಕಾದರೆ ನನ್ನನ್ನು ಬಿಡು, ನಾನು ಆಶ್ರಮಕ್ಕೆ ಹೋಗುತ್ತೇನೆ, ಮಗುವನ್ನು ಬಿಡಬೇಡ ಎನ್ನುತ್ತಾಳೆ. ಕೊನೆಗೆ, ನಿನ್ನಂಥವನ ಸಹವಾಸವೇ ಬೇಡ, ನೀನಿಲ್ಲದೆಯೂ ನನ್ನ ಮಗ ಈ ಭೂಮಿಯನ್ನು ಆಳುತ್ತಾನೆ ಎಂದು ಹೊರಟೇಬಿಡುತ್ತಾಳೆ.

ಆಗ ಅಶರೀರವಾಣಿ ಅವಳ ಮಾತು ನಿಜವೆಂದು ಸಾರುತ್ತದೆ. ರಾಜ ಮಂತ್ರಿ ಪುರೋಹಿತರ ಕಡೆ ತಿರುಗಿ ಹೇಳುವುದು ಗಮನಿಸಬೇಕಾದ ಸಂಗತಿ. ಇವನು ನನ್ನ ಮಗನೆಂದು ನನಗೂ ಗೊತ್ತಿತ್ತು, ಬರಿಯ ಅವಳ ಮಾತಿನ ಮೇಲೆ ಒಪ್ಪಿಕೊಂಡಿದ್ದರೆ ಜನ ಸಂಶಯ ಪಡುತ್ತಿದ್ದರು ಎನ್ನುತ್ತಾನೆ. ಆಮೇಲೆ ಅವಳ ಕಡೆ ತಿರುಗಿ, ನೀನು ಕೋಪದಲ್ಲಿ ಆಡಿದ ಕಟು ಮಾತುಗಳನ್ನು ಕ್ಷಮಿಸಿದ್ದೇನೆ ಎನ್ನುತ್ತಾನೆ. ತಪ್ಪು ಮಾಡಿದವನು ಅವನು, ಕ್ಷಮಿಸುವವನೂ ಅವನೇ! ನನಗೆ ಇದನ್ನು ಓದುವಾಗಲೆಲ್ಲ ಮೈ ಉರಿಯುತ್ತದೆ. ಆದರೆ ಕವಿ ಇದನ್ನು ಮುಚ್ಚಿಡಲಿಲ್ಲ. ರಾಜ ಅಂಜುಬುರುಕ ಎಂಬುದು ಕತೆಯಲ್ಲೇ ಬೆಳಕಿಗೆ ಬಿದ್ದಿದೆ.

ಈಗ ಕಾಳಿದಾಸನಿಗೆ ಬರೋಣ. ಅವನು ದೊಡ್ಡ ಕವಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅವನು ಏನು ಬದಲಾಯಿಸಿದ ಎಂಬುದನ್ನು ಎಣಿಸಿ ನೋಡಿ. ಷರತ್ತು ಹೋಯಿತು. ಅದರ ಜಾಗದಲ್ಲಿ ಗೆಳತಿಯೊಬ್ಬಳ ಮೆಲು ಕೋರಿಕೆ ಬಂತು, ನಮ್ಮವಳಿಗೆ ನೋವಾಗದ ಹಾಗೆ ನೋಡಿಕೊಳ್ಳಿ ಎಂದು. ರಾಜನ ಸುಳ್ಳು ಹೋಯಿತು. ಅದರ ಜಾಗದಲ್ಲಿ ದೂರ್ವಾಸರ ಶಾಪ ಬಂತು, ಶಾಪಕ್ಕೆ ಕಾರಣವೂ ಅವಳದೇ, ಪ್ರಿಯನ ನೆನಪಿನಲ್ಲಿ ಅತಿಥಿಯನ್ನು ಗಮನಿಸದೆ ಹೋದ ತಪ್ಪು. ಸಾಕ್ಷಿಗೆ ಉಂಗುರ ಬಂತು, ಅದನ್ನು ಕಳೆದದ್ದೂ ಅವಳೇ. ನಾಟಕದ ನಾಯಕ ಧೀರೋದಾತ್ತನಾಗಿರಬೇಕು, ಗೊತ್ತಿದ್ದೂ ಸುಳ್ಳಾಡುವವನು ನಾಯಕನಾಗಲಾರ. ಆದ್ದರಿಂದ ಅವನ ತಪ್ಪೆಲ್ಲ ಋಷಿಯ ನಾಲಿಗೆಗೂ ಮೀನಿನ ಹೊಟ್ಟೆಗೂ ಹೋಯಿತು. ಸಭೆಯಲ್ಲಿ ಕಾಳಿದಾಸನ ಶಕುಂತಲೆಯೂ ಒಮ್ಮೆ ಸಿಡಿದು ರಾಜನನ್ನು ಅನಾರ್ಯ ಎನ್ನುತ್ತಾಳೆ. ಆದರೆ ಅವಳ ವಾದಕ್ಕೆ ಬುಡವೇ ಇಲ್ಲ. ಕೊಟ್ಟ ಮಾತೊಂದು ಇದ್ದಿದ್ದರೆ ತಾನೆ ಅದನ್ನು ಮುರಿದ ಅಂತ ಕೇಳುವುದು? ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ: ಕೊನೆಯ ಅಂಕದಲ್ಲಿ ಕಾಳಿದಾಸನ ದುಷ್ಯಂತ ಅವಳ ಕಾಲಿಗೆ ಬೀಳುತ್ತಾನೆ, ವ್ಯಾಸರ ದುಷ್ಯಂತ ಬೀಳುವುದಿಲ್ಲ. ಪ್ರೇಮಿಯ ಪಶ್ಚಾತ್ತಾಪವನ್ನು ಕಾಳಿದಾಸ ಬಲ್ಲ. ಆದರೆ ಆ ಪಶ್ಚಾತ್ತಾಪ ಮರೆತದ್ದಕ್ಕೆ, ಸುಳ್ಳಾಡಿದ್ದಕ್ಕೆ ಅಲ್ಲ.

1789ರಲ್ಲಿ ವಿಲಿಯಂ ಜೋನ್ಸ್ ಈ ನಾಟಕವನ್ನು ಇಂಗ್ಲಿಷಿಗೆ ತಂದ. ಎರಡು ವರ್ಷದಲ್ಲಿ ಅದು ಜರ್ಮನ್ ಭಾಷೆಗೆ ಹೋಯಿತು, ಗಯಟೆ ಅದನ್ನು ಹೊಗಳಿ ಪದ್ಯ ಬರೆದ. ಕಾಡಿನ ಮುಗ್ಧ ಹುಡುಗಿ, ಹೂವಿನಂಥ ಪ್ರೇಮ ಎಂಬ ಚಿತ್ರ ಅಲ್ಲಿನವರಿಗೆ ಹಿಡಿಸಿತು. ಆ ಹೊಗಳಿಕೆ ನಮಗೆ ವಾಪಸು ಬಂದು, ರವಿವರ್ಮನ ಚಿತ್ರಗಳಾಗಿ, ಕ್ಯಾಲೆಂಡರಾಗಿ ಗೋಡೆಯ ಮೇಲೆ ಕೂತಿತು. ಕಾಲಿಗೆ ಮುಳ್ಳು ಚುಚ್ಚಿತೆಂಬ ನೆಪದಲ್ಲಿ ಹಿಂದೆ ತಿರುಗಿ ನೋಡುವ ಶಕುಂತಲೆ ನಮಗೆಲ್ಲ ಗೊತ್ತು. ಸಭೆಯಲ್ಲಿ ಕಣ್ಣು ಕೆಂಪಾಗಿಸಿ ನಿಂತ ಶಕುಂತಲೆಯ ಕ್ಯಾಲೆಂಡರನ್ನು ನಾನಂತೂ ಯಾರ ಮನೆಯಲ್ಲೂ ನೋಡಿಲ್ಲ. ನಾವು 'ಆಗಿನ ಕಾಲದ ಪ್ರೀತಿ' ಎಂದು ಹಂಬಲಿಸುವುದು ಹೆಚ್ಚುಕಡಿಮೆ ಇತ್ತೀಚಿನ ಸರಕು.

ಇದೆಲ್ಲ ಸಂಸ್ಕೃತ ಬಲ್ಲವರ ಕತೆಯಾಯಿತು, ಜನಪದರ ಪ್ರೀತಿ ಹೀಗಿರಲಿಲ್ಲ ಎನ್ನುವವರಿದ್ದಾರೆ. ಅವರಿಗೆ ನಮ್ಮದೇ ಒಂದು ಅಜ್ಜಿಕತೆಯನ್ನು ನೆನಪಿಸುತ್ತೇನೆ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಹೂವಿನ ಮರವಾಗುವ ಹುಡುಗಿಯ ಕತೆ ಅದು. ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂದು ಸಿನಿಮಾ ಮಾಡಿದ್ದೂ ಇದನ್ನೇ ಆಧರಿಸಿ.

ಬಡ ಮುದುಕಿಯ ಕಿರಿಯ ಮಗಳಿಗೆ ಮರವಾಗುವ ವಿದ್ಯೆ ಗೊತ್ತು. ಎರಡು ಕೊಡ ನೀರು ಬೇಕು. ಒಂದನ್ನು ಉಗುರು ತಾಕದ ಹಾಗೆ ಮೈಮೇಲೆ ಸುರಿದರೆ ಮರವಾಗುತ್ತಾಳೆ, ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ನಡುವೆ ಅಕ್ಕ ಒಂದು ಎಲೆಯನ್ನೂ ಹರಿಯದೆ, ಕೊಂಬೆ ಮುರಿಯದೆ ಹೂವನ್ನಷ್ಟೇ ಕೀಳಬೇಕು. ಆ ಹೂ ಮಾರಿ ಮನೆ ನಡೆಯುತ್ತದೆ. ರಾಜಕುಮಾರ ಇದನ್ನು ಮರೆಯಲ್ಲಿ ನಿಂತು ನೋಡಿ, ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದು ಮದುವೆಯಾಗುತ್ತಾನೆ. ನಮ್ಮ ಲೆಕ್ಕದಲ್ಲಿ ಪ್ರೇಮಕತೆ ಇಲ್ಲಿಗೆ ಮುಗಿಯಬೇಕು. ಕತೆ ಹೇಳುವ ಅಜ್ಜಿಗೆ ಅದು ಇಲ್ಲಿ ಶುರುವಾಗುತ್ತದೆ.

ಮದುವೆಯಾದ ಮೇಲೆ ಅವನು ಅವಳ ಜೊತೆ ಮಾತೇ ಆಡುವುದಿಲ್ಲ. ಯಾಕೆಂದರೆ ಅವನಿಗೆ ಬೇಕಾದದ್ದು ಮರ. ನಾನು ಹೇಳಿದ ಹಾಗೆ ಕೇಳಿದರೆ ಮಾತ್ರ ಮಾತು ಎನ್ನುತ್ತಾನೆ. ಅವಳು, ನಾನು ದೆವ್ವವೂ ಅಲ್ಲ ದೇವರೂ ಅಲ್ಲ, ಎಲ್ಲರ ಹಾಗೆ ಮನುಷ್ಯಳು ಎಂದು ಎಷ್ಟೇ ಹೇಳಿದರೂ ಬಿಡುವುದಿಲ್ಲ. ಕೊನೆಗೆ ಮರವಾಗುತ್ತಾಳೆ, ಹಾಸಿಗೆ ತುಂಬ ಹೂ. ದಿನವೂ ಅದೇ. ಬಾಡಿದ ಹೂವಿನ ರಾಶಿ ಕಿಟಕಿಯಾಚೆ ಬೀಳುವುದನ್ನು ನಾದಿನಿ ನೋಡುತ್ತಾಳೆ. ಗೆಳತಿಯರ ಜೊತೆ ತೋಟಕ್ಕೆ ಕರೆದೊಯ್ದು ಒತ್ತಾಯದಿಂದ ಮರ ಮಾಡಿಸುತ್ತಾಳೆ. ಹುಡುಗಿಯರು ಕೊಂಬೆ ಮುರಿದು, ಎಲೆ ಹರಿದು, ಮಳೆ ಬಂತೆಂದು ಅರೆಬರೆ ನೀರು ಸುರಿದು ಓಡುತ್ತಾರೆ. ಕೈಕಾಲಿಲ್ಲದ ಮುಂಡವಾಗಿ ಅವಳು ಮೋರಿಯಲ್ಲಿ ಬಿದ್ದಿರುತ್ತಾಳೆ.

ನಾದಿನಿ ದುಷ್ಟೆ, ನಿಜ. ಆದರೆ ಅಜ್ಜಿಯ ಕಣ್ಣು ಚುರುಕು. ನಾದಿನಿ ತೋಟದಲ್ಲಿ ಮಾಡಿದ್ದನ್ನು ಗಂಡ ಮಲಗುವ ಮನೆಯಲ್ಲಿ ದಿನವೂ ಮಾಡುತ್ತಿದ್ದ. ನೀರು ಸುರಿಯುವಲ್ಲಿ ಅವನು ಜೋಪಾನ ಮಾಡಿರಬಹುದು. ಆದರೂ ಅವಳಿಂದ ಅವನು ಬಯಸಿದ್ದು ಹೂವನ್ನೇ. ಮೆಚ್ಚುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ ಎಂದು ಕತೆ ಉಪದೇಶವಿಲ್ಲದೆ ತೋರಿಸುತ್ತದೆ.

ಅವಳನ್ನು ಕಳೆದುಕೊಂಡ ರಾಜಕುಮಾರ ಬೈರಾಗಿಯಾಗಿ ಊರೂರು ಅಲೆಯುತ್ತಾನೆ. ಹತ್ತಿ ಗಾಡಿಯವರ ಕೈಗೆ ಸಿಕ್ಕ ಆ ಮುಂಡ ಅವನ ಅಕ್ಕನ ಊರಿಗೆ ಬಂದಿರುತ್ತದೆ. ಅವನೂ ಅಲ್ಲಿಗೇ ಬರುತ್ತಾನೆ. ಯಾರೇ ಉಪಚಾರ ಮಾಡಿದರೂ ಅವನು ಮಾತಾಡುವುದಿಲ್ಲ. ಕೊನೆಗೆ ಆ ಮುಂಡವನ್ನೇ ಶೃಂಗರಿಸಿ ಅವನ ಹಾಸಿಗೆಯ ಮೇಲೆ ಇಡುತ್ತಾರೆ. ಅದು ಮೋಟು ಕೈಯಿಂದ ಅವನ ಕಾಲೊತ್ತಿ ನರಳುತ್ತದೆ. ಆಗ ಅವನು ದಿಟ್ಟಿಸಿ ನೋಡುತ್ತಾನೆ, ಗುರುತು ಹಿಡಿಯುತ್ತಾನೆ. ಈಗ ಅವಳಲ್ಲಿ ಒಂದು ಹೂವೂ ಇಲ್ಲ. ಮೊದಲ ಸಲ ಅವನು, ನಾನೇನು ಮಾಡಬೇಕು ಎಂದು ಕೇಳುತ್ತಾನೆ. ಮೊದಲ ಸಲ ಅವಳು ಹೇಳಿದ್ದನ್ನು ಮಾಡುತ್ತಾನೆ. ನೀರು ಸುರಿಯುತ್ತಾನೆ, ಮುರಿದ ಕೊಂಬೆಗಳನ್ನು ನೆಟ್ಟಗೆ ಜೋಡಿಸಿ ಕಟ್ಟುತ್ತಾನೆ, ಮತ್ತೆ ನೀರು ಸುರಿಯುತ್ತಾನೆ. ಅವಳು ಇಡಿಯಾಗುತ್ತಾಳೆ. ಶಕುಂತಲೆಗೆ ಸಭೆಯಲ್ಲಿ ಸಿಗಬೇಕಾಗಿದ್ದ ಗುರುತು ಇವಳಿಗೆ ಈ ಕೆಲಸದಲ್ಲಿ ಸಿಗುತ್ತದೆ.

ಹಾಗಾದರೆ ಹಳೆಯದೆಲ್ಲ ಚಿನ್ನ, ಇಂದಿನದು ಕಾಗೆಬಂಗಾರ ಎಂದು ನಾನು ಹೇಳುತ್ತಿದ್ದೇನೆಯೇ? ಖಂಡಿತ ಇಲ್ಲ. ದುಷ್ಯಂತ ಜಾತಿ ನೋಡಿಯೇ ಮುಂದುವರಿದ ಎಂಬುದನ್ನು ಮರೆಯಬಾರದು. ಗಾಂಧರ್ವ ವಿವಾಹವೇ ನಮ್ಮ ಲವ್ ಮ್ಯಾರೇಜು ಎಂದು ಹೆಮ್ಮೆ ಪಡುವವರು ಆ ಜಾಗವನ್ನು ದಾಟಿ ಓದುತ್ತಾರೆ. ಶಕುಂತಲೆ ತನಗಾಗಿ ಏನನ್ನೂ ಕೇಳಲಿಲ್ಲ, ಮಗನಿಗಾಗಿ ಕೇಳಿದಳು. ಹೆಣ್ಣಿನ ಹಕ್ಕು ಮಗನ ಮೂಲಕವೇ ಬರುತ್ತಿದ್ದ ಕಾಲ ಅದು. ಅವಳ ಮಾತೊಂದೇ ಸಾಲದೆ ಆಕಾಶವೇ ಬಾಯಿ ಬಿಡಬೇಕಾಯಿತು. ಅವಳಷ್ಟು ಮಾತು ಬಲ್ಲ ಎಷ್ಟು ಹೆಂಗಸರಿಗೆ ಆಕಾಶ ಸುಮ್ಮನೇ ಇದ್ದಿರಬೇಕು! ಜಾತಿ ಮೀರಿ ಮೆಚ್ಚುವ, ಬೇಡವೆಂದರೆ ಬೇಡ ಎನ್ನುವ ಹಕ್ಕನ್ನು ಕೊಟ್ಟದ್ದು ಹೊಸ ಕಾಲ. ಅದನ್ನು ಬಿಟ್ಟುಕೊಡಿ ಎಂದು ಯಾರಾದರೂ ಹೇಳಿದರೆ ನಾನು ಅವರ ವಿರುದ್ಧ.

ನನ್ನ ಜಗಳ ಒಂದೇ ಒಂದು ವಿಷಯಕ್ಕೆ. ಪ್ರೀತಿಸುವವರು ಮುಂದಿನ ಮಾತು ಕೇಳಬಾರದು, ಕೇಳಿದರೆ ಅದು ಪ್ರೀತಿಯಲ್ಲ ಎಂಬ ಹೊಸ ನಂಬಿಕೆಗೆ ಹಳೆಯ ಕಾಲದ ಮುದ್ರೆ ಒತ್ತುತ್ತಿದ್ದಾರಲ್ಲ, ಅದಕ್ಕೆ. ಈ ನಂಬಿಕೆಯಿಂದ ಲಾಭ ಯಾರಿಗೆ ಎಂದು ನೋಡಿ. ಹೆಚ್ಚಾಗಿ ಮಾತಿನಿಂದ ಕಟ್ಟುಬೀಳಬೇಕಾದವನಿಗೆ. 'ನನ್ನ ಮೇಲೆ ನಂಬಿಕೆ ಇಲ್ವಾ' ಎಂಬ ಒಂದು ಪ್ರಶ್ನೆಯಿಂದ ಎಷ್ಟು ಹುಡುಗಿಯರ ಬಾಯಿ ಮುಚ್ಚಿಸಿದ್ದಾರೆ! ಕಾಡಿನಲ್ಲಿ ಆಡಿದ ಮಾತನ್ನು ಸಭೆಯಲ್ಲಿ ನುಂಗುವವರು ಈಗಲೂ ಇದ್ದಾರೆ. ಅದಕ್ಕಾಗಿಯೇ ಕಾನೂನು ಬರಬೇಕಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೆಯ ಸೆಕ್ಷನ್ ಪ್ರಕಾರ, ನಡೆಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದರೆ ಹತ್ತು ವರ್ಷದವರೆಗೂ ಶಿಕ್ಷೆ ಆಗಬಹುದು. ಆದರೆ ಅಲ್ಲಿಯೂ ಪ್ರಶ್ನೆ ದುಷ್ಯಂತನದೇ: ಯಾರು ನೋಡಿದ್ದರು? ಮೊದಲಿನಿಂದಲೂ ಮೋಸದ ಮನಸ್ಸಿತ್ತೋ, ಆಮೇಲೆ ಮನಸ್ಸು ಬದಲಾಯಿತೋ? ಸೂರ್ಯ ಚಂದ್ರರ ಬದಲು ವಾಟ್ಸ್ಯಾಪ್ ಸಂದೇಶಗಳು ಸಾಕ್ಷಿಗೆ ಬರುತ್ತವೆ. ಅಷ್ಟು ಹೊತ್ತಿಗೆ ಕಳೆದುಕೊಳ್ಳುವುದನ್ನೆಲ್ಲ ಇಬ್ಬರೂ ಕಳೆದುಕೊಂಡಿರುತ್ತಾರೆ. ಕೋರ್ಟಿನಲ್ಲಿ ಕೇಳುವುದನ್ನು ನಡುಮನೆಯಲ್ಲೇ, ಕಾಫಿ ಆರುವ ಮೊದಲೇ ಕೇಳುವುದು ವ್ಯಾಪಾರ ಹೇಗಾಗುತ್ತದೆ?

ನಮ್ಮ ಹುಡುಗಿಯ ಕತೆ ಮುಗಿಸುತ್ತೇನೆ. ಹುಡುಗ ಹಾಳೆಯನ್ನು ಎರಡು ಸಲ ಓದಿದ. ದುಷ್ಯಂತನ ಹಾಗೆ ಥಟ್ಟನೆ 'ಹಾಗೇ ಆಗಲಿ' ಎನ್ನಲಿಲ್ಲ. ಮೂರನೆಯ ಸಾಲಿನ ಬಗ್ಗೆ ಅಪ್ಪನ ಜೊತೆ ಮಾತಾಡಬೇಕು, ನಾಳೆ ಹೇಳುತ್ತೇನೆ ಅಂದ. ಮರುದಿನ ಫೋನ್ ಮಾಡಿ ನಾಲ್ಕಕ್ಕೂ ಒಪ್ಪಿ, ತನ್ನದೊಂದು ಸಾಲು ಸೇರಿಸಿದ, ತನ್ನ ಅಜ್ಜಿ ಕೊನೆಯವರೆಗೂ ತಮ್ಮ ಜೊತೆಯಲ್ಲೇ ಇರಬೇಕು ಎಂದು. ಇವಳು ಅದನ್ನೂ ಬರೆದುಕೊಂಡಳು. ಚಿಕ್ಕಪ್ಪ ಮದುವೆಗೆ ಬಂದು ಅಕ್ಷತೆ ಹಾಕಿದರು, ಆದರೆ ಮುಖ ಬಿಗಿದೇ ಇತ್ತು. ಆ ಹುಡುಗ ಒಂದು ದಿನ ತೆಗೆದುಕೊಂಡದ್ದೇ ನನಗೆ ಸಮಾಧಾನ ತಂದಿತು. ಯೋಚಿಸಿ ಹೇಳಿದ 'ಹೂಂ'ಗೆ ಎಷ್ಟು ಬೆಲೆಯೆಂದು ವ್ಯಾಸರ ಶಕುಂತಲೆಯನ್ನು ಕೇಳಿದರೆ ಹೇಳುತ್ತಿದ್ದಳು.